ಸೆಮಿಸ್ಟರ್ ನಡುವೆ ವಾರಕ್ಕೆ ಐದು ತಾಸಿನ ಗಳಿಕೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ ನಡೆಸುತ್ತಿರುವ ‘ವಾಣಿ’ ಯೋಜನೆಯ ಧ್ವನಿಸಂಗ್ರಹವನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಅದರ ಜಿಲ್ಲಾವಾರು ಪಟ್ಟಿಯಲ್ಲಿ `Karnataka_Bijapur` ಎಂಬ ಹೆಸರಿನಲ್ಲಿ ನಮ್ಮ ವಿಜಯಪುರ ಜಿಲ್ಲೆಯೂ ಇದೆ. ಜನರಿಗೆ ಒಂದು ಚಿತ್ರ ತೋರಿಸಿ, ಕಂಡದ್ದನ್ನು ತಮ್ಮ ಮಾತಿನಲ್ಲೇ ಹೇಳಿಸಿ, ಹಾಗೆ ಹೇಳಿದ್ದನ್ನು ದಾಖಲಿಸಿಕೊಂಡ ಸಂಗ್ರಹವಿದು. ದೇಶದ ಎಲ್ಲ ಜಿಲ್ಲೆಗಳ ಮಾತನ್ನು ಕೂಡಿಹಾಕುವುದು ಯೋಜನೆಯ ಗುರಿ. ಪುಸ್ತಕದ ಕನ್ನಡವನ್ನಷ್ಟೇ ಕಲಿತ ಸಾಫ್ಟ್‌ವೇರಿಗೆ ಇಂಡಿಯ ಲಿಂಬಿಕಾಯಿ ಮಾರುಕಟ್ಟೆಯಲ್ಲಿ ನಡೆಯುವ ಮಾತು ತಿಳಿಯುವುದಿಲ್ಲ. ಹೀಗಾಗಿ ಆಯಾ ಊರಿನ ಮಾತು ಆಡಿಕೊಡುವವರು, ಆಡಿದ್ದನ್ನು ಕೇಳಿ ಬರೆದುಕೊಡುವವರು, ಬರೆದದ್ದು ಸರಿಯಿದೆಯೇ ಎಂದು ನೋಡುವವರು ಬೇಕಾಗಿದ್ದಾರೆ.

ಈ ಕೆಲಸಕ್ಕೆ ಹಣ ಕೊಡುವ ಸಂಸ್ಥೆಗಳೂ ಇವೆ. 2021ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ಕಾರ್ಯ’ ಎಂಬ ಲಾಭರಹಿತ ಸಂಸ್ಥೆ ಗ್ರಾಮೀಣ ಭಾಗದವರ ಫೋನಿಗೆ ಇಂಥ ಕೆಲಸ ತಲುಪಿಸುತ್ತದೆ. 2023ರಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆಯ ವರದಿಗಾರ ಚಾಮರಾಜನಗರ ಜಿಲ್ಲೆಯ ಚಿಲುಕವಾಡಿಗೆ ಬಂದು, ಕನ್ನಡದ ವಾಕ್ಯಗಳನ್ನು ಫೋನಿಗೆ ಓದಿ ಗಳಿಸುತ್ತಿದ್ದವರನ್ನು ಕಂಡು ಬರೆದಿದ್ದ. ಆಗ ಸಂಸ್ಥೆ ಹೇಳಿದ್ದ ಕನಿಷ್ಠ ದರ ತಾಸಿಗೆ 5 ಡಾಲರ್, ಅಂದಿನ ಲೆಕ್ಕದಲ್ಲಿ ನಾನೂರು ರೂಪಾಯಿಗಿಂತ ಹೆಚ್ಚು. ಈ ಅಂಕಿ ಎಲ್ಲರ ಕಣ್ಣಿಗೆ ಬಿತ್ತು. ಅದೇ ವರದಿಯ ಇನ್ನೊಂದು ಸಂಗತಿ ಅಷ್ಟಾಗಿ ಗಮನಕ್ಕೆ ಬರಲಿಲ್ಲ: ಒಬ್ಬರು ಒಟ್ಟು ಗಳಿಸಬಹುದಾದ ಮೊತ್ತಕ್ಕೆ ಸಂಸ್ಥೆಯೇ ಸುಮಾರು 1,500 ಡಾಲರಿನ ಮಿತಿ ಹಾಕಿತ್ತು. ಅಲ್ಲಿಗೆ ಮುಟ್ಟಿದವರು ಜಾಗ ಬಿಡಬೇಕು, ಬೇರೆಯವರು ಬರಬೇಕು. ಇದು ಬದುಕಿಗೆ ಒಂದಿಷ್ಟು ಆಸರೆ ಅಷ್ಟೇ, ಉದ್ಯೋಗ ಅಲ್ಲ ಎಂದು ಕೊಡುವವರೇ ಒಪ್ಪಿಕೊಂಡ ಹಾಗೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ಪದವಿ ವಿದ್ಯಾರ್ಥಿ ಇಂಥ ಕೆಲಸಕ್ಕೆ ಕೈಹಾಕುವಾಗ ಈ ಎರಡನೆಯ ಸಂಗತಿಯನ್ನೇ ಮೊದಲು ಓದಬೇಕು. ಇಲ್ಲಿ ಮಿತಿ ಹಾಕಿಕೊಳ್ಳಬೇಕಾದ್ದು ಹಣಕ್ಕಲ್ಲ, ವೇಳೆಗೆ.

ನಡುವೆ ಬಿಟ್ಟು ಏಳಬಹುದೇ?

ಆನ್‌ಲೈನ್ ಕೆಲಸ ಹುಡುಕುವವರು ಸಾಮಾನ್ಯವಾಗಿ ‘ಎಷ್ಟು ಕೊಡ್ತಾರ?’ ಎಂದು ಕೇಳುತ್ತಾರೆ. ಪರೀಕ್ಷೆ ಬರೆಯಬೇಕಾದವರು ಕೇಳಬೇಕಾದ ಪ್ರಶ್ನೆ ಬೇರೆ. ಈ ಕೆಲಸವನ್ನು ಇವತ್ತು ರಾತ್ರಿ ಬಿಟ್ಟರೆ ಯಾರಿಗಾದರೂ ತೊಂದರೆ ಆಗುತ್ತದೆಯೇ? ಮಾಡಿದಷ್ಟಕ್ಕೆ ಹಣ ಬರುತ್ತದೆಯೇ, ಇಲ್ಲ ಪೂರ್ತಿ ಮುಗಿಸಿದರಷ್ಟೇ ಬರುತ್ತದೆಯೇ?

ಈ ಅಳತೆಗೆ ಹಚ್ಚಿ ನೋಡಿದರೆ ಚಲೋ ಅನ್ನಿಸಿದ ಎಷ್ಟೋ ಕೆಲಸ ಬಿದ್ದುಹೋಗುತ್ತವೆ. ಹತ್ತನೆಯ ತರಗತಿ ಮಕ್ಕಳಿಗೆ ವಿಡಿಯೊ ಕರೆಯಲ್ಲಿ ಪಾಠ ಹೇಳುವುದು ಗೌರವದ ಕೆಲಸ, ಹಣವೂ ಬರುತ್ತದೆ. ಆದರೆ ನಿಮ್ಮ ಪರೀಕ್ಷೆ ಬಂತೆಂದು ಆ ಮಕ್ಕಳ ಪಾಠ ನಿಲ್ಲಿಸುವಂತಿಲ್ಲ. ಊರಿನ ಬಟ್ಟೆ ಅಂಗಡಿಯ ಇನ್‌ಸ್ಟಾಗ್ರಾಂ ಪುಟ ನೋಡಿಕೊಳ್ಳಲು ಒಪ್ಪಿಕೊಂಡರೆ, ಹಬ್ಬದ ಮುಂದೆ ಮಾಲೀಕರು ರಾತ್ರಿ ಹತ್ತಕ್ಕೂ ಫೋನ್ ಮಾಡುತ್ತಾರೆ. ಯೂಟ್ಯೂಬ್ ಚಾನೆಲಿನಲ್ಲಿ ಜಾಹೀರಾತಿನ ಹಣ ಕಾಣಬೇಕಾದರೆ ಸಾವಿರ ಚಂದಾದಾರರು, ವರ್ಷದಲ್ಲಿ ನಾಲ್ಕು ಸಾವಿರ ತಾಸಿನ ವೀಕ್ಷಣೆ ಎಂಬಂಥ ಮೆಟ್ಟಿಲು ದಾಟಬೇಕು. ಒಂದು ಸೆಮಿಸ್ಟರಿನಲ್ಲಿ ಆಗುವ ಮಾತಲ್ಲ ಅದು.

ಧ್ವನಿ ಮತ್ತು ಬರಹದ ಚಿಲ್ಲರೆ ಕೆಲಸ ಇವಕ್ಕಿಂತ ಬೇರೆ. ವಾಕ್ಯ ಓದಿ ದಾಖಲಿಸುವ ಕೆಲಸದಲ್ಲಿ ಒಂದು ವಾಕ್ಯವೇ ಒಂದು ಘಟಕ. ಮೊರದಲ್ಲಿ ಕಾಳು ಆರಿಸಿದ ಹಾಗೆ, ಯಾವಾಗ ಬೇಕಾದರೂ ಬಿಟ್ಟು ಏಳಬಹುದು, ಆರಿಸಿದ್ದು ಆರಿಸಿದ್ದೇ. ಕೇಳಿ ಬರೆಯುವ ಕೆಲಸದಲ್ಲಿ ಒಂದು ಆಡಿಯೊ ತುಣುಕು ಒಂದು ಘಟಕ. ಅದನ್ನು ಒಮ್ಮೆ ತೆಗೆದುಕೊಂಡರೆ ಗೊತ್ತಾದ ಅವಧಿಯೊಳಗೆ ಮುಗಿಸಿ ಕೊಡಬೇಕು, ಕೊಡದಿದ್ದರೆ ಅದು ಇನ್ನೊಬ್ಬರಿಗೆ ಹೋಗುತ್ತದೆ, ಅಲ್ಲಿಯವರೆಗಿನ ದುಡಿಮೆ ನೀರುಪಾಲು. ಆದ್ದರಿಂದ ತುಣುಕು ಚಿಕ್ಕದಾದಷ್ಟೂ ಒಳ್ಳೆಯದು.

ಒಂದು ಮಿತಿಯನ್ನು ಇಲ್ಲೇ ಹೇಳಬೇಕು. ಇಂಥ ಯೋಜನೆಗಳು ವರ್ಷವಿಡೀ ತೆರೆದಿರುವುದಿಲ್ಲ. ಒಂದು ಜಿಲ್ಲೆಯ ಇಷ್ಟು ತಾಸಿನ ಧ್ವನಿ ಬೇಕೆಂದು ಶುರುವಾಗಿ, ಅಷ್ಟು ತುಂಬಿದ ಕೂಡಲೇ ಮುಚ್ಚುತ್ತವೆ. ಎಷ್ಟೋ ಸಲ ಸ್ಥಳೀಯ ಸಂಸ್ಥೆಗಳ ಮೂಲಕವೇ ಜನರನ್ನು ಸೇರಿಸಿಕೊಳ್ಳುತ್ತಾರೆ, ಆ್ಯಪ್ ಇಳಿಸಿಕೊಂಡ ಮಾತ್ರಕ್ಕೆ ಕೆಲಸ ಸಿಗುವುದಿಲ್ಲ. ಕೆಲಸ ಇಲ್ಲದ ವಾರಗಳೂ ಇರುತ್ತವೆಂದು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ತಾಸಿನ ನಿಜವಾದ ದರ

ಕೆಲಸ ಕೊಡುವವರು ‘ಆಡಿಯೊದ ನಿಮಿಷಕ್ಕೆ ಇಷ್ಟು’ ಅಥವಾ ‘ವಾಕ್ಯಕ್ಕೆ ಇಷ್ಟು’ ಎನ್ನುತ್ತಾರೆ. ನಿಮ್ಮ ದಿನ ಖರ್ಚಾಗುವುದು ತಾಸಿನಲ್ಲಿ. ಒಂದನ್ನು ಇನ್ನೊಂದಕ್ಕೆ ಇಳಿಸಿಕೊಳ್ಳದೆ ಒಪ್ಪಿಕೊಂಡವರು ಕೊನೆಗೆ ದಣಿವನ್ನಷ್ಟೇ ಗಳಿಸುತ್ತಾರೆ.

ಕೇಳಿ ಬರೆಯುವ ಕೆಲಸವನ್ನೇ ನೋಡೋಣ. ಲೆಕ್ಕಕ್ಕೆಂದು ಆಡಿಯೊದ ಒಂದು ನಿಮಿಷಕ್ಕೆ 20 ರೂಪಾಯಿ ದರ ಇಟ್ಟುಕೊಳ್ಳಿ. ಹತ್ತು ನಿಮಿಷದ ತುಣುಕಿಗೆ 200 ರೂಪಾಯಿ. ಹತ್ತು ನಿಮಿಷಕ್ಕೆ ಇನ್ನೂರು ಎಂದು ಕೇಳಿದರೆ ಭಾರಿ ಅನ್ನಿಸುತ್ತದೆ. ಆದರೆ ಹೊಸಬರಿಗೆ ಒಂದು ನಿಮಿಷದ ಮಾತನ್ನು ಕೇಳಿ, ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ಕೇಳಿ ಕನ್ನಡದಲ್ಲಿ ಟೈಪ್ ಮಾಡಲು ಎಂಟು ನಿಮಿಷ ಹಿಡಿದರೆ ಆಶ್ಚರ್ಯವಿಲ್ಲ. ಅಲ್ಲಿಗೆ 80 ನಿಮಿಷ. ಮುಗಿದ ಮೇಲೆ ಒಮ್ಮೆ ಪೂರ್ತಿ ಕೇಳಿ ತಿದ್ದಲು 15 ನಿಮಿಷ. ಪರಿಶೀಲಕರು ತಪ್ಪು ಗುರುತಿಸಿ ಹಿಂದಕ್ಕೆ ಕಳಿಸಿದ್ದನ್ನು ಸರಿಪಡಿಸಲು ಇನ್ನೊಂದು 15. ಸೂಚನೆ ಓದಿ ಅಪ್‌ಲೋಡ್ ಮಾಡಲು 10. ಒಟ್ಟು 120 ನಿಮಿಷ. ಅಂದರೆ ತಾಸಿಗೆ ನೂರು ರೂಪಾಯಿ.

ತಿಂಗಳೊಪ್ಪತ್ತಿನಲ್ಲಿ ಕೈ ಪಳಗಿ ಎಂಟು ನಿಮಿಷದ ಕೆಲಸ ಆರಕ್ಕೆ ಇಳಿದು, ತಿದ್ದುಪಡಿಯೂ ಕಡಿಮೆಯಾಗಿ ಎಲ್ಲ ಸೇರಿ 85 ನಿಮಿಷಕ್ಕೆ ಬಂತೆನ್ನಿ. ಆಗ ಅದೇ ಇನ್ನೂರು ರೂಪಾಯಿ ತಾಸಿಗೆ 141ರ ಲೆಕ್ಕವಾಗುತ್ತದೆ. ದರ ಏರಿಸಿದ್ದು ಕಂಪನಿಯಲ್ಲ, ನಿಮ್ಮ ಟೈಪಿಂಗ್.

ನಿಮ್ಮ ವೇಗ ಎಷ್ಟೆಂದು ತಿಳಿಯಲು ಹಣದ ಕೆಲಸಕ್ಕೇ ಕಾಯಬೇಕಿಲ್ಲ. ಕೇಂದ್ರ ಸರ್ಕಾರದ ‘ಭಾಷಿಣಿ’ ಯೋಜನೆಯಲ್ಲಿ ‘ಭಾಷಾದಾನ’ ಎಂಬ ವಿಭಾಗವಿದೆ. ಅಲ್ಲಿಯ ‘ಬೋಲೋ ಇಂಡಿಯಾ’ದಲ್ಲಿ ತೋರಿಸಿದ ವಾಕ್ಯ ಓದಬೇಕು, ‘ಸುನೋ ಇಂಡಿಯಾ’ದಲ್ಲಿ ಕೇಳಿಸಿದ್ದನ್ನು ಬರೆಯಬೇಕು. ಹೆಸರೇ ಹೇಳುವ ಹಾಗೆ ಅದು ದಾನ, ದುಡ್ಡು ಸಿಗುವುದಿಲ್ಲ. ಆದರೆ ಅರ್ಧ ತಾಸು ಗಡಿಯಾರ ಇಟ್ಟುಕೊಂಡು ಮಾಡಿದರೆ ನಿಮ್ಮ ವೇಗ ನಿಮಗೇ ತಿಳಿಯುತ್ತದೆ. ಆ ಮೇಲೆ ಯಾರು ಎಂಥ ದರ ಹೇಳಿದರೂ ಕಾಗದದ ಮೇಲೆ ಎರಡು ನಿಮಿಷದಲ್ಲಿ ತಾಸಿನ ದರ ತೆಗೆಯಬಹುದು.

ಎಷ್ಟಕ್ಕಿಂತ ಕೆಳಗೆ ಇಳಿಯಬಾರದು? 2025-26ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ 370 ರೂಪಾಯಿ ಇತ್ತು. ಎಂಟು ತಾಸಿಗೆ ಹಂಚಿದರೆ ತಾಸಿಗೆ 46. ಕೌಶಲ ಬೇಡುವ, ಕಣ್ಣು-ಕಿವಿ ದಣಿಸುವ ಕೆಲಸ ಅದರ ಸಮೀಪಕ್ಕೆ ಇಳಿದರೆ ಆ ಹೊತ್ತಿನಲ್ಲಿ ಓದಿಕೊಳ್ಳುವುದೇ ಲಾಭ. ಮೊದಲ ತಿಂಗಳ ನಂತರವೂ ತಾಸಿಗೆ 80 ರೂಪಾಯಿ ದಾಟದ ಕೆಲಸವನ್ನು ಬಿಡುವೆ ಎಂದು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಫ್ಯಾನ್ ಬಂದ್, ಮಿಕ್ಸಿ ಬಂದ್

ಓದಿ ದಾಖಲಿಸುವ ಕೆಲಸದಲ್ಲಿ ಗಳಿಕೆ ತಿನ್ನುವುದು ತಿರಸ್ಕಾರ. ವಾಕ್ಯಕ್ಕೆ 3 ರೂಪಾಯಿ ಎಂದಿಟ್ಟುಕೊಂಡರೆ, ಅದು ಒಪ್ಪಿತವಾದ ವಾಕ್ಯಕ್ಕೆ ಮಾತ್ರ. ಒಂದು ತಾಸಿನಲ್ಲಿ 70 ವಾಕ್ಯ ಓದಿ, ಐದರಲ್ಲಿ ಒಂದು ತಿರಸ್ಕೃತವಾದರೆ ಉಳಿಯುವುದು 56, ಕೈಗೆ 168 ರೂಪಾಯಿ. ಕೋಣೆ ಸಜ್ಜು ಮಾಡಿಕೊಳ್ಳುವ ಕಾಲು ತಾಸು ಸೇರಿಸಿದರೆ ತಾಸಿಗೆ ಸುಮಾರು 134. ಅದೇ ಅರ್ಧದಷ್ಟು ತಿರಸ್ಕೃತವಾದರೆ 84ಕ್ಕೆ ಇಳಿಯುತ್ತದೆ. ಓದಿದ್ದು ಅಷ್ಟೇ, ದಣಿದದ್ದೂ ಅಷ್ಟೇ.

ತಿರಸ್ಕಾರದ ಕಾರಣಗಳು ಹೆಚ್ಚಿಲ್ಲ. ಮೊದಲನೆಯದು ಫ್ಯಾನು. ಅದರ ಸದ್ದು ನಮ್ಮ ಕಿವಿಗೆ ರೂಢಿಯಾಗಿ ಕೇಳಿಸುವುದೇ ಇಲ್ಲ, ಮೈಕಿಗೆ ಕೇಳಿಸುತ್ತದೆ. ಎರಡನೆಯದು ಪ್ರತಿಧ್ವನಿ. ಬರೀ ಗೋಡೆ, ಕಲ್ಲುಹಾಸಿನ ಕೋಣೆಯಲ್ಲಿ ಮಾತು ತಿರುಗಿ ಬಡಿಯುತ್ತದೆ. ಕೌದಿ, ಚಾದರ ತುಂಬಿದ ಚಿಕ್ಕ ಕೋಣೆಯಲ್ಲಿ, ಇಲ್ಲವೇ ಎದುರಿನ ಗೋಡೆಗೆ ಎರಡು ಕೌದಿ ಇಳಿಬಿಟ್ಟು ಕೂತರೆ ಧ್ವನಿ ಸ್ವಚ್ಛವಾಗುತ್ತದೆ. ಮೂರನೆಯದು ಅವಸರ. ಗುಂಡಿ ಒತ್ತಿದ ಕ್ಷಣಕ್ಕೇ ಓದಲು ಶುರುಮಾಡಿದರೆ ಮೊದಲ ಅಕ್ಷರ ಕತ್ತರಿಸಿ ಹೋಗುತ್ತದೆ. ಒತ್ತಿ, ಒಂದು ಉಸಿರು ತೆಗೆದುಕೊಂಡು ಓದಬೇಕು. ಮುಗಿದ ಮೇಲೂ ಅಷ್ಟೇ ಹೊತ್ತು ತಡೆದು ನಿಲ್ಲಿಸಬೇಕು. ಫೋನು ಬಾಯಿಂದ ಒಂದು ಗೇಣು ದೂರವಿರಲಿ, ಎದುರಿಗಿಂತ ತುಸು ಪಕ್ಕಕ್ಕಿದ್ದರೆ ‘ಪ’, ‘ಭ’ಗಳ ಗಾಳಿ ಮೈಕಿಗೆ ಬಡಿಯುವುದಿಲ್ಲ.

ನಾಲ್ಕನೆಯದು ಮನೆಯೇ. ‘ಅವ್ವಾ, ಹತ್ತ್ ನಿಮಿಷ ಮಿಕ್ಸಿ ಹಚ್ಚಬ್ಯಾಡ’ ಎಂದು ಕೇಳಿಕೊಂಡರೂ ಹೊರಗೆ ಟ್ರ್ಯಾಕ್ಟರ್ ಹಾಯುತ್ತದೆ, ಗುಡಿಯ ಮೈಕು ಶುರುವಾಗುತ್ತದೆ. ಯಾವ ಹೊತ್ತಿನಲ್ಲಿ ಓಣಿ ಸುಮ್ಮನಿರುತ್ತದೆಂದು ಎರಡು ದಿನ ಗಮನಿಸಿದರೆ ಸಾಕು, ಅದೇ ನಿಮ್ಮ ಕೆಲಸದ ವೇಳೆ. ಹೆಚ್ಚಿನ ಊರುಗಳಲ್ಲಿ ಅದು ಮಧ್ಯಾಹ್ನ ಎರಡರಿಂದ ನಾಲ್ಕು. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯಲ್ಲಿ ಆ ಹೊತ್ತಿಗೆ ಫ್ಯಾನ್ ಬಂದ್ ಮಾಡಿ, ಕೌದಿ ಕಟ್ಟಿಕೊಂಡು ಕೂಡುವುದು ಆಗದ ಮಾತು. ಬೇಸಿಗೆಯಲ್ಲಿ ದಾಖಲಿಸುವ ಕೆಲಸ ಬಿಟ್ಟು, ಕೇಳಿ ಬರೆಯುವ ಕೆಲಸ ಹಿಡಿಯುವುದು ಜಾಣತನ. ಅದಕ್ಕೆ ಇಯರ್‌ಫೋನ್ ಸಾಕು, ಫ್ಯಾನ್ ತಿರುಗಿದರೂ ಅಡ್ಡಿಯಿಲ್ಲ.

ಯಾವ ದಿನವೇ ಆಗಲಿ, ಮೊದಲ ಮೂರು ವಾಕ್ಯ ದಾಖಲಿಸಿದ ಮೇಲೆ ಇಯರ್‌ಫೋನ್ ಹಾಕಿ ಕೇಳಿ. ಹಿನ್ನೆಲೆಯಲ್ಲಿ ‘ಸೊಯ್’ ಎಂಬ ಸದ್ದಿದ್ದರೆ ಅಲ್ಲಿಗೇ ನಿಲ್ಲಿಸಿ ಕಾರಣ ಹುಡುಕಿ. ಎಪ್ಪತ್ತು ವಾಕ್ಯ ಓದಿದ ಮೇಲೆ ತಿಳಿದರೆ ಒಂದು ತಾಸು ಹೋಯಿತು.

ಕೇಳಿ ಬರೆಯುವ ಕೆಲಸದಲ್ಲಿ ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಒಂದು ಅನುಕೂಲ ಇದೆ, ಒಂದು ಅಪಾಯವೂ ಇದೆ. ಆಡಿಯೊದಲ್ಲಿ ಯಾರೋ ‘ನಾ ಹೊಲಕ್ಕ ಹೊಂಟೇನಿ’ ಎಂದದ್ದು ಬೆಂಗಳೂರಿನವರಿಗೆ ತಡವರಿಸಿ ತಿಳಿದರೆ ನಮಗೆ ಒಂದೇ ಸಲಕ್ಕೆ ತಿಳಿಯುತ್ತದೆ. ಆದರೆ ಶಾಲೆಯಲ್ಲಿ ಕಲಿತ ಕೈ ಅದನ್ನು ‘ನಾನು ಹೊಲಕ್ಕೆ ಹೊರಟಿದ್ದೇನೆ’ ಎಂದು ತಿದ್ದಿ ಬರೆದುಬಿಡುತ್ತದೆ. ಸೂಚನೆಯಲ್ಲಿ ‘ಆಡಿದಂತೆಯೇ ಬರೆಯಿರಿ’ ಎಂದಿದ್ದರೆ ಈ ತಿದ್ದುಪಡಿಯೇ ತಪ್ಪು, ಇಡೀ ತುಣುಕು ಹಿಂದಕ್ಕೆ ಬರುತ್ತದೆ. ಕೆಲವು ಯೋಜನೆಗಳು ಗ್ರಾಂಥಿಕ ರೂಪವನ್ನೇ ಕೇಳುತ್ತವೆ. ಸೂಚನೆಯ ಈ ಒಂದು ಸಾಲನ್ನು ಹುಡುಕಿ ಓದಿಯೇ ಕೆಲಸ ಶುರುಮಾಡಬೇಕು. ಅಂಕಿಗಳನ್ನು ಅಕ್ಷರದಲ್ಲಿ ಬರೆಯಬೇಕೋ ಸಂಖ್ಯೆಯಲ್ಲೋ ಎಂಬುದನ್ನೂ ಅಲ್ಲೇ ನೋಡಿಕೊಳ್ಳಿ. ಡಿಟಿಪಿ ಸೆಂಟರಿನಲ್ಲಿ ‘ನುಡಿ’ ಕಲಿತವರು ಯೂನಿಕೋಡ್ ಆಯ್ಕೆ ಹಾಕಿಕೊಂಡೇ ಟೈಪ್ ಮಾಡಬೇಕು. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಬೇರೆಯವರ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ.

ಮನಸ್ಸಿಗೆ ಬಂದದ್ದನ್ನು ಮಾತನಾಡಿ ದಾಖಲಿಸುವ ಕೆಲಸವಾದರೆ ಇನ್ನೊಂದು ಎಚ್ಚರ ಬೇಕು. ಮನೆಯವರ ಹೆಸರು, ಫೋನ್ ನಂಬರು, ಬ್ಯಾಂಕಿನ ವಿಷಯ ಮಾತಿನಲ್ಲಿ ಬರಬಾರದು. ಕೊಟ್ಟ ಧ್ವನಿಯನ್ನು ಮರಳಿ ಪಡೆಯುವುದು ಕಷ್ಟ. ಅದನ್ನು ಯಾವುದಕ್ಕೆ ಬಳಸುತ್ತಾರೆ, ಬೇರೆಯವರಿಗೆ ಮಾರುತ್ತಾರೆಯೇ ಎಂಬುದನ್ನು ಒಪ್ಪಿಗೆ ಪತ್ರದಲ್ಲಿ ಓದಿಯೇ ಒಪ್ಪಬೇಕು.

ಹಿಂದಿನಿಂದ ಎಣಿಸಿ

ಇನ್ನು ವೇಳೆಯ ಮಾತು. ಇಂಡಿ ತಾಲ್ಲೂಕಿನ ಒಂದು ಹಳ್ಳಿಯಿಂದ ಬಸ್ಸಿನಲ್ಲಿ ಬಂದುಹೋಗುವ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಬೆಳಿಗ್ಗೆ ಎಂಟಕ್ಕೆ ಬಸ್ಸು, ಮಧ್ಯಾಹ್ನ ಮೂರೂವರೆಗೆ ಮನೆ. ಸಂಜೆ ಮನೆಗೆಲಸ, ರಾತ್ರಿ ಎರಡು ತಾಸು ಓದು. ಉಳಿದ ಹೊತ್ತಿನಲ್ಲಿ ಆಕೆ ವಾರಕ್ಕೆ ಐದು ತಾಸು ತೆಗೆಯಬಹುದು: ಶನಿವಾರ ಒಂದೂವರೆ, ಭಾನುವಾರ ಒಂದೂವರೆ, ವಾರದ ನಡುವೆ ಎರಡು ದಿನ ನಲವತ್ತು ನಲವತ್ತು ನಿಮಿಷ. ಉಳಿದ ನಲವತ್ತು ನಿಮಿಷ ಹಿಂದಕ್ಕೆ ಬಂದ ಕೆಲಸ ತಿದ್ದಲು. ಅದಕ್ಕೆಂದು ಬೇರೆ ವೇಳೆ ತೆಗೆದಿಡದವರು ಓದಿನ ಹೊತ್ತನ್ನೇ ಅದಕ್ಕೆ ಕೊಡಬೇಕಾಗುತ್ತದೆ.

ಸೆಮಿಸ್ಟರಿಗೆ ಹದಿನಾರು ವಾರ ಎನ್ನೋಣ. ಕೊನೆಯ ನಾಲ್ಕು ವಾರ ಕೆಲಸ ಪೂರ್ತಿ ಬಂದ್. ಎರಡು ಆಂತರಿಕ ಪರೀಕ್ಷೆಯ ವಾರಗಳೂ ಬಂದ್. ಉಳಿದದ್ದು ಹತ್ತು ವಾರ, ಐವತ್ತು ತಾಸು. ತಾಸಿಗೆ ಸರಾಸರಿ 110 ರೂಪಾಯಿ ಬಿದ್ದರೆ 5,500. ಮೂರು ವಾರ ಕೆಲಸವೇ ಬರಲಿಲ್ಲವೆಂದರೆ ಮೂವತ್ತೈದು ತಾಸು, 3,850 ರೂಪಾಯಿ. ಪುಸ್ತಕ, ಪರೀಕ್ಷಾ ಶುಲ್ಕ, ಫೋನ್ ರೀಚಾರ್ಜಿಗೆ ಇದು ಆದೀತು. ತಿಂಗಳಿಗೆ ಇಪ್ಪತ್ತೈದು ಸಾವಿರ ಎಂದು ಪೋಸ್ಟರ್ ಹಾಕುವವರು ಈ ಲೆಕ್ಕ ತೋರಿಸುವುದಿಲ್ಲ.

ಪರೀಕ್ಷೆಯ ದಿನದಿಂದ ಹಿಂದಕ್ಕೆ ಎಣಿಸುವುದು ಇಲ್ಲಿಯ ಮುಖ್ಯ ಕೌಶಲ. ಪರೀಕ್ಷೆ ಡಿಸೆಂಬರ್ 15ಕ್ಕೆ ಶುರು ಎಂದಿಟ್ಟುಕೊಳ್ಳಿ. ನಾಲ್ಕು ವಾರ ಹಿಂದಕ್ಕೆ ಹೋದರೆ ನವೆಂಬರ್ 17. ಅದು ಬಾಗಿಲು ಹಾಕುವ ದಿನ. ಅದಕ್ಕಿಂತ ಆಚೆ ಕೊನೆಯ ದಿನಾಂಕ ಇರುವ ಯಾವ ಕೆಲಸವನ್ನೂ, ದರ ಎಷ್ಟೇ ಇರಲಿ, ಒಪ್ಪಿಕೊಳ್ಳುವಂತಿಲ್ಲ.

ನವೆಂಬರ್ 5ರಂದು ಆಕೆಗೆ ಒಂದು ಕರೆ ಬರುತ್ತದೆ: ಮೂರು ತಾಸಿನ ಆಡಿಯೊ, ನವೆಂಬರ್ 25ರೊಳಗೆ ಬರೆದು ಕೊಡಬೇಕು, 3,600 ರೂಪಾಯಿ. ಇಪ್ಪತ್ತು ದಿನ ಇದೆಯಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಎಣಿಸಿ ನೋಡೋಣ. 180 ನಿಮಿಷದ ಆಡಿಯೊ, ನಿಮಿಷಕ್ಕೆ ಎಂಟರಂತೆ 1,440 ನಿಮಿಷ. ಟೈಪ್ ಮಾಡಲೇ ಇಪ್ಪತ್ನಾಲ್ಕು ತಾಸು, ತಿದ್ದುವುದು ಬೇರೆ. ವಾರಕ್ಕೆ ಐದು ತಾಸಿನಂತೆ ಐದು ವಾರಕ್ಕೂ ಮುಗಿಯದು. ಒಪ್ಪಿಕೊಂಡರೆ ಉಳಿದ ತಾಸುಗಳು ಬರಬೇಕಾದ್ದು ರಾತ್ರಿಯ ನಿದ್ದೆಯಿಂದ, ಇಲ್ಲವೇ ಪರೀಕ್ಷೆಯ ಓದಿನಿಂದ.

ಪೂರ್ತಿ ಬಿಡಬೇಕೆಂದೇನೂ ಇಲ್ಲ, ತುಂಡು ಕೇಳಬಹುದು. 45 ನಿಮಿಷದ ಆಡಿಯೊಗೆ ಟೈಪಿಂಗ್ ಆರು ತಾಸು, ತಿದ್ದುಪಡಿ ಎರಡು, ಒಟ್ಟು ಎಂಟು. ಹನ್ನೆರಡು ದಿನದಲ್ಲಿ ಎರಡು ವಾರಾಂತ್ಯ ಬರುವುದರಿಂದ ಇದು ಕೂಡುತ್ತದೆ. ಆಕೆ ಕಳಿಸಬೇಕಾದ ಸಂದೇಶವೂ ಇಷ್ಟೇ ಸರಳ: ‘ಸರ್, 45 ನಿಮಿಷದ ಆಡಿಯೊ ಅಷ್ಟ ತಗೋತೀನ್ರಿ. ನವೆಂಬರ್ 16ಕ್ಕ ಮುಗಿಸಿ ಕೊಡ್ತೀನಿ. ಡಿಸೆಂಬರ್‌ದಾಗ ಪರೀಕ್ಷೆ ಅದಾವ್ರಿ. ಮುಗಿದ ಮ್ಯಾಲೆ ಮತ್ತ ಕೆಲಸ ಇದ್ರ ಹೇಳ್ರಿ.’ ದೊಡ್ಡದನ್ನು ಒಪ್ಪಿ ಅರ್ಧಕ್ಕೆ ಕೈಬಿಟ್ಟವರಿಗಿಂತ, ಚಿಕ್ಕದನ್ನು ಒಪ್ಪಿ ವೇಳೆಗೆ ಕೊಟ್ಟವರಿಗೆ ಮುಂದಿನ ಕೆಲಸ ಬೇಗ ಬರುತ್ತದೆ.

ದಿನದ ಮಿತಿಗೂ ಇದೇ ನಿಯಮ. ‘ಇನ್ನೊಂದು ಹತ್ತು ವಾಕ್ಯ’ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಅಲಾರಂ ಹೊಡೆದಾಗ ಕೈಯಲ್ಲಿದ್ದ ವಾಕ್ಯ ಮುಗಿಸಿ ಏಳಬೇಕು. ಆ ದಿನ ಉಳಿದ ನಿಮಿಷಗಳನ್ನು ಮುಂದಿನ ವಾರಕ್ಕೆ ಸೇರಿಸಿಕೊಳ್ಳುವಂತಿಲ್ಲ. ಹಾಗೆ ಸಾಲ ಹಿಡಿಯುತ್ತ ಹೋದರೆ ಎಲ್ಲ ಬಾಕಿಯೂ ಪರೀಕ್ಷೆಯ ಹೊಸ್ತಿಲಲ್ಲೇ ಬಂದು ಕೂಡುತ್ತದೆ.

ಹಣ ಕೊಟ್ಟು ಕೆಲಸ ಕೊಳ್ಳಬೇಡಿ

ಇದೇ ‘ಮನೆಯಲ್ಲೇ ಟೈಪಿಂಗ್ ಕೆಲಸ’ದ ಹೆಸರಿನಲ್ಲಿ ನಡೆಯುವ ಮೋಸ ಎಷ್ಟೋ ಇದೆ. ಅವುಗಳಲ್ಲಿ ವಿದ್ಯಾರ್ಥಿಗಳನ್ನು ಹೆಚ್ಚು ಹೆದರಿಸುವುದು ಒಪ್ಪಂದ ಪತ್ರದ ಮೋಸ. ಐದು ದಿನದಲ್ಲಿ ಇಷ್ಟು ನೂರು ಫಾರಂ ತುಂಬಬೇಕು, ತೊಂಬತ್ತು ಪ್ರತಿಶತ ಸರಿ ಇರಬೇಕು ಎಂಬ ಪತ್ರಕ್ಕೆ ಆನ್‌ಲೈನಿನಲ್ಲಿ ಸಹಿ ಮಾಡಿಸುತ್ತಾರೆ. ಕೆಲಸ ಮುಗಿಸಿದ ಮೇಲೆ ‘ನಿಮ್ಮದು ಪಾಸಾಗಿಲ್ಲ’ ಎನ್ನುತ್ತಾರೆ. ಎರಡು ದಿನ ಬಿಟ್ಟು ವಕೀಲರ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ‘ನೋಟಿಸ್’ ಬರುತ್ತದೆ: ಕಂಪನಿಗೆ ನಷ್ಟವಾಗಿದೆ, ಇಷ್ಟು ಸಾವಿರ ಕಟ್ಟಿ, ಇಲ್ಲದಿದ್ದರೆ ಪೊಲೀಸರು ಬರುತ್ತಾರೆ. ಮನೆಯಲ್ಲಿ ಗೊತ್ತಾದೀತೆಂಬ ಅಂಜಿಕೆಗೆ ಹುಡುಗರು ಸ್ನೇಹಿತರಿಂದ ಕೈಗಡ ತಂದು ಕಟ್ಟುತ್ತಾರೆ. ಟೈಪಿಂಗಿನಲ್ಲಿ ತಪ್ಪಾಯಿತೆಂದು ಯಾರನ್ನೂ ಬಂಧಿಸುವುದಿಲ್ಲ, ವಾಟ್ಸ್‌ಆ್ಯಪ್ ಬೆದರಿಕೆ ಕೋರ್ಟಿನ ನೋಟಿಸೂ ಅಲ್ಲ. ಆ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು, ಮನೆಯ ಹಿರಿಯರಿಗೆ ತೋರಿಸಿ, ಪೊಲೀಸರಿಗೆ ದೂರು ಕೊಡಬೇಕು.

ಎರಡನೆಯದು ಟೆಲಿಗ್ರಾಂ ‘ಟಾಸ್ಕ್’. ಮೊದಲು ವಿಡಿಯೊಗೆ ಲೈಕ್ ಒತ್ತಿದ್ದಕ್ಕೆ ನೂರೈವತ್ತು ರೂಪಾಯಿ ನಿಜವಾಗಿಯೂ ಖಾತೆಗೆ ಬರುತ್ತದೆ. ನಂಬಿಕೆ ಕುದುರಿದ ಮೇಲೆ ‘ಸಾವಿರ ಹಾಕಿದರೆ ಹದಿಮೂರು ನೂರು ವಾಪಸ್’ ಎಂಬ ಹಂತ ಬರುತ್ತದೆ. ಕೆಲಸ ಕೊಡಲು ನಿಮ್ಮಿಂದ ಹಣ ಕೇಳಿದರೆ, ಅದು ನೋಂದಣಿ ಶುಲ್ಕವೇ ಇರಲಿ, ಠೇವಣಿಯೇ ಇರಲಿ, ಅಲ್ಲಿಗೇ ಮುಗಿಸಿ.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು: ‘ನಿನ್ನ ಬ್ಯಾಂಕ್ ಖಾತೆ ಕೊಡು, ತಿಂಗಳಿಗೆ ಇಷ್ಟು ಬಾಡಿಗೆ’. ಬೇರೆಯವರಿಂದ ದೋಚಿದ ಹಣ ಆ ಖಾತೆಯ ಮೂಲಕ ಹಾಯುತ್ತದೆ. ಖಾತೆ ಸ್ತಂಭನವಾದರೆ ವಿದ್ಯಾರ್ಥಿವೇತನವೂ ಅದರೊಳಗೇ ಸಿಕ್ಕಿಬೀಳುತ್ತದೆ, ಪ್ರಕರಣದಲ್ಲಿ ಹೆಸರು ನಿಮ್ಮದೇ ಇರುತ್ತದೆ.

ಹಣ ಹೋಗಿದೆ ಎಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ, cybercrime.gov.in ತಾಣದಲ್ಲೂ ದೂರು ದಾಖಲಿಸಬೇಕು. ಯುಪಿಐ ವಹಿವಾಟಿನ ಯುಟಿಆರ್ ಸಂಖ್ಯೆಯನ್ನು ಕೈಯಲ್ಲಿಟ್ಟುಕೊಂಡಿರಿ. ಹಣ ಇನ್ನೊಂದು ಖಾತೆಗೆ ದಾಟುವ ಮುನ್ನ ತಡೆಯಬೇಕಾದ್ದರಿಂದ ಇಲ್ಲಿ ತಾಸುಗಳೂ ಲೆಕ್ಕಕ್ಕೆ ಬರುತ್ತವೆ.

ನಿಜವಾದ ಕೆಲಸದಲ್ಲೂ ಪ್ಯಾನ್ ಕಾರ್ಡ್ ಕೇಳುವುದುಂಟು, ಕೆಲವರು ತೆರಿಗೆ ಮುರಿದುಕೊಂಡೇ ಹಣ ಹಾಕುತ್ತಾರೆ. ಹಾಗೆ ಮುರಿದದ್ದು ನಿಮ್ಮ ಪ್ಯಾನ್ ಹೆಸರಿನ ತೆರಿಗೆ ವಿವರದಲ್ಲಿ ಕಾಣುತ್ತದೆ. ವರ್ಷದ ಗಳಿಕೆ ತೆರಿಗೆಯ ಮಿತಿಗಿಂತ ಬಹಳ ಕೆಳಗಿರುವವರು ರಿಟರ್ನ್ಸ್ ಸಲ್ಲಿಸಿ ಅದನ್ನು ಮರಳಿ ಪಡೆಯಬಹುದು.

ಸೆಮಿಸ್ಟರ್ ಮುಗಿದ ಮೇಲಿನ ಲೆಕ್ಕ

ಇದಕ್ಕೆಲ್ಲ ನೋಟಬುಕ್ಕಿನ ಒಂದು ಪುಟ ಸಾಕು. ದಿನಾಂಕ, ಕೆಲಸ, ಹಿಡಿದ ನಿಮಿಷ, ತಿರಸ್ಕೃತವಾದದ್ದು, ಕೈಗೆ ಬಂದ ಹಣ ಎಂದು ಐದು ಕಾಲಂ ಎಳೆಯಿರಿ. ‘ಬರಬೇಕಾದ’ ಹಣವನ್ನು ಬರೆಯಬೇಡಿ, ಬಂದದ್ದನ್ನಷ್ಟೇ ಬರೆಯಿರಿ. ಸೆಮಿಸ್ಟರ್ ಮುಗಿದ ದಿನ ಒಟ್ಟು ಹಣವನ್ನು ಒಟ್ಟು ತಾಸಿನಿಂದ ಭಾಗಿಸಿ, ಫಲಿತಾಂಶ ಬಂದ ದಿನ ಆ ಪುಟದ ಕೆಳಗೇ ಅಂಕಗಳನ್ನೂ ಬರೆಯಿರಿ.

ತಾಸಿನ ದರ ನೀವು ಹಾಕಿಕೊಂಡ ಗೆರೆಗಿಂತ ಕೆಳಗಿದ್ದರೆ ಮುಂದಿನ ಸೆಮಿಸ್ಟರಿನಲ್ಲಿ ಬೇರೆ ಕೆಲಸ ಹುಡುಕಬೇಕು. ದರ ಚೆನ್ನಾಗಿದ್ದು ಅಂಕ ಇಳಿದಿದ್ದರೆ ಐದು ತಾಸನ್ನು ಮೂರಕ್ಕೆ ಇಳಿಸಬೇಕು. ಒಂದು ವಿಷಯ ಫೇಲಾಗಿದ್ದರೆ, ಆ ವಿಷಯವನ್ನು ಮತ್ತೆ ಬರೆದು ಮುಗಿಸುವವರೆಗೆ ಕೆಲಸ ಪೂರ್ತಿ ಬಂದ್ ಮಾಡಬೇಕು. ಅದನ್ನು ಮತ್ತೆ ಓದಲು ಬೇಕಾಗುವ ತಾಸುಗಳನ್ನು ಈಗ ನಿಮಗೆ ತಿಳಿದಿರುವ ದರದಿಂದ ಗುಣಿಸಿ, ಮರುಪರೀಕ್ಷೆಯ ಶುಲ್ಕವನ್ನೂ ಕೂಡಿಸಿ. ಬಂದ ಮೊತ್ತ ಸೆಮಿಸ್ಟರಿನ ಗಳಿಕೆಯನ್ನು ದಾಟಿದ್ದರೆ, ಆ ಸೆಮಿಸ್ಟರಿನಲ್ಲಿ ನೀವು ದುಡಿದದ್ದು ನಷ್ಟಕ್ಕೇ.